ಸೇವೆಗೆ ಒಂದು ವಾರ ರಜೆ: ಕಂಪನಿಗೆ ಲಾಭವೇನೆಂದು ಹೇಳುವುದು ಹೇಗೆ?

ಸ್ವಯಂಸೇವೆಗೆಂದು ಒಂದು ವಾರ ರಜೆ ಕೇಳುವ ಪತ್ರಗಳು ಹೆಚ್ಚಾಗಿ ಒಂದೇ ಅಚ್ಚಿನಲ್ಲಿರುತ್ತವೆ. ಮೊದಲ ಪ್ಯಾರಾದಲ್ಲಿ ಸೇವಾಸಂಸ್ಥೆಯ ಹಿರಿಮೆ, ಎರಡನೆಯದರಲ್ಲಿ ಸಮಾಜದ ಋಣ, ಕೊನೆಯಲ್ಲಿ ‘ಇದರಿಂದ ನನ್ನ ನಾಯಕತ್ವದ ಗುಣ ಬೆಳೆದು ಕಂಪನಿಗೂ ಪ್ರಯೋಜನವಾಗುತ್ತದೆ’ ಎಂಬ ಸಾಲು. ಬರೆದವರು ಮನಸ್ಸಿಟ್ಟೇ ಬರೆದಿರುತ್ತಾರೆ. ಆದರೆ ಪತ್ರ ಓದುವ ಮ್ಯಾನೇಜರ್ ತಲೆಯಲ್ಲಿ ಆ ಹೊತ್ತಿಗೆ ಓಡುತ್ತಿರುವ ಪ್ರಶ್ನೆಗಳೇ ಬೇರೆ. ಆ ವಾರ ಇವರ ಕೆಲಸ ಯಾರು ನೋಡಿಕೊಳ್ಳುತ್ತಾರೆ? ಗಿರಾಕಿ ಫೋನ್ ಮಾಡಿದರೆ ಉತ್ತರ ಕೊಡುವವರು ಯಾರು? ಇವರಿಗೆ ಕೊಟ್ಟರೆ ನಾಳೆ ಇನ್ನೊಬ್ಬರು ಬಂದು ನಿಂತರೆ? ಈ ಮೂರಕ್ಕೂ ಪತ್ರದಲ್ಲಿ ಉತ್ತರವಿಲ್ಲದಿದ್ದರೆ ‘ನೋಡೋಣ’ ಎಂಬ ಮಾತು ಬರುತ್ತದೆ. ನೌಕರಿಯಲ್ಲಿರುವವರಿಗೆ ಆ ಮಾತಿನ ಅರ್ಥ ಗೊತ್ತೇ ಇದೆ.

ಸೇವೆಗೆಂದು ರಜೆ ಕೊಡುವ ನಿಯಮವನ್ನೇ ಮಾಡಿಕೊಂಡಿರುವ ಕಂಪನಿಗಳಿವೆ. ಸೇಲ್ಸ್‌ಫೋರ್ಸ್ ತನ್ನ ನೌಕರರಿಗೆ ವರ್ಷಕ್ಕೆ ಏಳು ದಿನ, ಅಂದರೆ 56 ಗಂಟೆ, ಸಂಬಳಸಹಿತ ಸೇವಾ ರಜೆ ಕೊಡುತ್ತದೆ. ಅಂಥಲ್ಲಿ ಅರ್ಜಿ ತುಂಬಿದರೆ ಕೆಲಸ ಮುಗಿಯಿತು. ನಮ್ಮಲ್ಲಿ ಹೆಚ್ಚಿನವರು ದುಡಿಯುವುದು ಅಂಥ ಕಡೆಯಲ್ಲ. ಖಾಸಗಿ ಕಂಪನಿಗಳು ಸ್ವಯಂಸೇವೆಗೆ ಪ್ರತ್ಯೇಕ ರಜೆ ಕೊಡಲೇಬೇಕೆಂದು ಕಾನೂನು ಹೇಳುವುದಿಲ್ಲ. ಕಾನೂನಿನ ಬಲದಿಂದ ಸಿಗುವುದು ಗಳಿಕೆ ರಜೆ ಮಾತ್ರ, ಸ್ಥೂಲವಾಗಿ 20 ದಿನದ ದುಡಿಮೆಗೆ ಒಂದು ದಿನ. ಅದನ್ನೂ ಯಾವಾಗ ತೆಗೆದುಕೊಳ್ಳಬೇಕೆಂಬುದಕ್ಕೆ ಮೇಲಿನವರ ಒಪ್ಪಿಗೆ ಬೇಕು. ಆದ್ದರಿಂದ ಕೇಳುವ ಬಗೆಯೇ ಇಲ್ಲಿ ಮುಖ್ಯವಾಗುತ್ತದೆ.

ಇದನ್ನು ಒಂದು ಉದಾಹರಣೆ ಹಿಡಿದು ನೋಡೋಣ. ಬೆಂಗಳೂರಿನ ಪೀಣ್ಯದಲ್ಲಿ ವಾಹನದ ಬಿಡಿಭಾಗ ಮಾಡುವ ಮಧ್ಯಮ ಗಾತ್ರದ ಕಾರ್ಖಾನೆ ಒಂದಿದೆ ಎಂದುಕೊಳ್ಳಿ. ವಾರಕ್ಕೆ ಆರು ದಿನ ಕೆಲಸ, ಭಾನುವಾರ ರಜೆ. ಅಲ್ಲಿನ ಡಿಸ್ಪ್ಯಾಚ್ ವಿಭಾಗದಲ್ಲಿ ಒಬ್ಬ ಮೇಲ್ವಿಚಾರಕಿ. ಬಿಲ್ಲು, ಡೆಲಿವರಿ ಚಲನ್, ಇ-ವೇ ಬಿಲ್, ಗೇಟ್ ಪಾಸ್ ಎಲ್ಲ ಅವರ ಕೈಯಿಂದಲೇ ಆಗಬೇಕು. ಒಂದು ಸೇವಾಸಂಸ್ಥೆ ಅಕ್ಟೋಬರ್ ಮೊದಲ ವಾರದಲ್ಲಿ ಪಾವಗಡ ತಾಲ್ಲೂಕಿನ ನಾಲ್ಕು ಹಳ್ಳಿಗಳಲ್ಲಿ ಕಣ್ಣಿನ ತಪಾಸಣಾ ಶಿಬಿರ ನಡೆಸಲಿದೆ. ಜನರ ಹೆಸರು ಬರೆದುಕೊಳ್ಳುವುದಕ್ಕೆ, ಸಾಲು ನೋಡಿಕೊಳ್ಳುವುದಕ್ಕೆ ಅದಕ್ಕೆ ಸ್ವಯಂಸೇವಕರು ಬೇಕು. ಈಕೆಗೆ ಹೋಗುವ ಆಸೆ.

ಕ್ಯಾಲೆಂಡರ್ ಮುಂದಿಟ್ಟುಕೊಂಡು

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ತಾರೀಕು. ದೇಶದ ಅನೇಕ ಸೇವಾಸಂಸ್ಥೆಗಳು ಅಕ್ಟೋಬರ್ 2ರಿಂದ 8ರವರೆಗಿನ ವಾರವನ್ನು ‘ದಾನ ಉತ್ಸವ’ ಎಂದು ಆಚರಿಸುತ್ತವೆ. 2009ರಲ್ಲಿ ಶುರುವಾದ ರೂಢಿ ಇದು. ವಿಶ್ವ ದೃಷ್ಟಿ ದಿನ ಬರುವುದು ಅಕ್ಟೋಬರ್‌ನ ಎರಡನೆಯ ಗುರುವಾರ. 2026ರಲ್ಲಿ ಅದು 8ನೇ ತಾರೀಕಿಗೇ ಬಿದ್ದಿದೆ, ಹಾಗಾಗಿ ಕಣ್ಣಿನ ಶಿಬಿರಕ್ಕೆ ಈ ವಾರ ಚೆನ್ನಾಗಿ ಹೊಂದುತ್ತದೆ. 2ನೇ ತಾರೀಕು ಗಾಂಧಿ ಜಯಂತಿ, ಶುಕ್ರವಾರ, ಹೇಗೂ ರಜೆ. 3 ಶನಿವಾರ ಸ್ವಯಂಸೇವಕರ ತರಬೇತಿ, 4 ಭಾನುವಾರ ಹಳ್ಳಿಗೆ ಹೋಗಿ ಜಾಗ ಅಣಿ ಮಾಡುವುದು, 5ರಿಂದ 8ರವರೆಗೆ ದಿನಕ್ಕೊಂದು ಹಳ್ಳಿ. ಏಳು ದಿನ ಊರಲ್ಲಿರುವುದಿಲ್ಲವಾದರೂ ಕಾರ್ಖಾನೆಯಿಂದ ಬೇಕಾಗುವುದು ಐದೇ ದಿನದ ರಜೆ. ‘ಒಂದು ವಾರ’ ಎನ್ನುವುದಕ್ಕೂ ‘ಶನಿವಾರ ಮತ್ತು ಸೋಮವಾರದಿಂದ ಗುರುವಾರ, ಒಟ್ಟು ಐದು ದಿನ’ ಎನ್ನುವುದಕ್ಕೂ ಕೇಳುವವರ ಕಿವಿಯಲ್ಲಿ ಬಹಳ ವ್ಯತ್ಯಾಸವಿದೆ.

ಡಿಸ್ಪ್ಯಾಚ್‌ನವರಿಗೆ ತಿಂಗಳ ಕೊನೆಯ ವಾರ ಉಸಿರಾಡುವುದಕ್ಕೂ ಬಿಡುವಿರುವುದಿಲ್ಲ. ಅದರಲ್ಲೂ ಸೆಪ್ಟೆಂಬರ್ ಕೊನೆಯೆಂದರೆ ಮೂರು ತಿಂಗಳ ಲೆಕ್ಕ ಮುಗಿಯುವ ಸಮಯ, ಇದ್ದಬದ್ದ ಮಾಲೆಲ್ಲ ಅದರೊಳಗೇ ಹೊರಡಬೇಕು. ಹೊಸ ತಿಂಗಳ ಮೊದಲ ವಾರ ಸ್ವಲ್ಪ ಬಿಡುವು. ನವರಾತ್ರಿ, ಆಯುಧಪೂಜೆಯ ಗಡಿಬಿಡಿ ಇನ್ನೂ ಶುರುವಾಗಿರುವುದಿಲ್ಲ. ಈಕೆಗೆ ಈ ವಾರ ಸರಿಯಾಗಿ ಕೂಡಿ ಬಂದಿದೆ.

ಅದೇ ಕಾರ್ಖಾನೆಯ ಅಕೌಂಟ್ಸ್ ವಿಭಾಗದವರೊಬ್ಬರು ಇದೇ ವಾರ ಕೇಳಿದರೆ ಕಥೆಯೇ ಬೇರೆ. ಹಿಂದಿನ ತಿಂಗಳ ಟಿಡಿಎಸ್ ಕಟ್ಟಲು 7ನೇ ತಾರೀಕು ಕೊನೆ. ಮಾರಾಟದ ವಿವರ ಕೊಡುವ ಜಿಎಸ್‌ಟಿ ರಿಟರ್ನ್ 11ಕ್ಕೆ, ತೆರಿಗೆ ಕಟ್ಟುವ ರಿಟರ್ನ್ 20ಕ್ಕೆ. ಅವರಿಗೆ ತಿಂಗಳ ಕೊನೆಯ ವಾರವೇ ಸಲೀಸು. ಸಂಸ್ಥೆಯ ಶಿಬಿರ ಯಾವಾಗ ಎಂದು ನೋಡಿ ರಜೆ ಕೇಳುವವರು ಬಹಳ ಮಂದಿ, ನಮ್ಮ ಕೆಲಸ ಯಾವಾಗ ಹಗುರ ಎಂದು ನೋಡಿ ಅದಕ್ಕೆ ಹೊಂದುವ ಶಿಬಿರ ಹುಡುಕುವವರು ಕಡಿಮೆ. ಎರಡನೆಯವರಿಗೆ ರಜೆ ಸಿಗುವುದು ಸುಲಭ.

ಲಾಭ ಯಾವುದು, ಯಾವುದಲ್ಲ

ಕಂಪನಿಗೆ ಲಾಭ ಎಂದು ಪತ್ರದಲ್ಲಿ ಬರೆಯುವ ಮಾತುಗಳಲ್ಲಿ ಕೆಲವು ಸುಳ್ಳೇ ಆಗಿಬಿಡುತ್ತವೆ. ಅವುಗಳನ್ನು ಮೊದಲೇ ಬದಿಗಿಡುವುದು ಒಳ್ಳೆಯದು.

ಹೆಚ್ಚಾಗಿ ಕೇಳಿಬರುವುದು ಸಿಎಸ್‌ಆರ್ ಮಾತು. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ, ಹಿಂದಿನ ಹಣಕಾಸು ವರ್ಷದಲ್ಲಿ ನಿವ್ವಳ ಮೌಲ್ಯ 500 ಕೋಟಿ ರೂಪಾಯಿ, ಇಲ್ಲವೇ ವಹಿವಾಟು 1,000 ಕೋಟಿ, ಇಲ್ಲವೇ ನಿವ್ವಳ ಲಾಭ 5 ಕೋಟಿ ಮುಟ್ಟಿದ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ‘ನನ್ನ ಐದು ದಿನದ ಸಂಬಳವನ್ನು ಇದರ ಲೆಕ್ಕಕ್ಕೆ ಹಾಕಿಕೊಳ್ಳಬಹುದಲ್ಲ’ ಎಂದು ನೌಕರರು ಬರೆಯುತ್ತಾರೆ. ಆಗುವುದಿಲ್ಲ. ನೌಕರರು ಸೇವೆಗೆ ಕೊಟ್ಟ ಸಮಯಕ್ಕೆ ಬೆಲೆ ಕಟ್ಟಿ ಸಿಎಸ್‌ಆರ್ ವೆಚ್ಚವೆಂದು ತೋರಿಸುವಂತಿಲ್ಲ ಎಂದು ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ 2021ರ ಸುತ್ತೋಲೆಯಲ್ಲಿ ನೇರವಾಗಿಯೇ ಹೇಳಿದೆ. ಇನ್ನು ಪೀಣ್ಯದ ಅನೇಕ ಕಾರ್ಖಾನೆಗಳು ಈ ಮಿತಿಯೊಳಗೆ ಬರುವುದೇ ಇಲ್ಲ. ತಿಳಿಯದೆ ಬರೆದ ಇಂಥ ಒಂದು ಸಾಲಿನಿಂದ, ಲೆಕ್ಕ ಗೊತ್ತಿರುವ ಮ್ಯಾನೇಜರ್ ಪತ್ರದ ಉಳಿದ ಮಾತುಗಳನ್ನೂ ಅನುಮಾನದಿಂದ ನೋಡುತ್ತಾರೆ. ಕಂಪನಿಗೆ ನಿಜವಾಗಿಯೂ ಸಿಎಸ್‌ಆರ್ ಹಣವಿದ್ದು, ಅದನ್ನು ಯಾರಿಗೆ ಕೊಡುವುದೆಂದು ಹುಡುಕುತ್ತಿದ್ದರೆ ಮಾತ್ರ, ‘ಈ ಸಂಸ್ಥೆ ಸಿಎಸ್‌ಆರ್-1 ನೋಂದಣಿ ಮಾಡಿಸಿದೆ, ಅದರ ಕೆಲಸವನ್ನು ಹತ್ತಿರದಿಂದ ಕಂಡು ಬಂದು ವರದಿ ಕೊಡುತ್ತೇನೆ’ ಎನ್ನಬಹುದು. ಅದಕ್ಕೆ ಬೆಲೆಯಿದೆ.

ಎರಡನೆಯದು ‘ಸಂಶೋಧನೆ ಹೀಗೆ ಹೇಳುತ್ತದೆ’ ಎಂಬ ಮಾತು. ಸಂಶೋಧನೆ ಇದೆ, ಒಳ್ಳೆಯದೇ ಇದೆ. ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದ ಜೆಸ್ಸಿಕಾ ರೋಡೆಲ್ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸ್ವಯಂಸೇವೆ ಮಾಡುವವರು ತಮ್ಮ ನೌಕರಿಯಲ್ಲೂ ಹೆಚ್ಚು ತಲ್ಲೀನರಾಗಿರುವುದು ಕಂಡುಬಂತು. ಆಕ್ಸ್‌ಫರ್ಡ್‌ನ ವಿಲಿಯಂ ಫ್ಲೆಮಿಂಗ್ ಬ್ರಿಟನ್‌ನ 233 ಸಂಸ್ಥೆಗಳ 46,000ಕ್ಕೂ ಹೆಚ್ಚು ನೌಕರರ ಮಾಹಿತಿ ಪರಿಶೀಲಿಸಿ 2024ರಲ್ಲಿ ಪ್ರಕಟಿಸಿದ ಲೇಖನ ಇನ್ನೂ ಕುತೂಹಲದ್ದು. ಧ್ಯಾನದ ಆ್ಯಪ್, ಒತ್ತಡ ನಿವಾರಣೆಯ ತರಗತಿ ಮುಂತಾದ ಕಾರ್ಯಕ್ರಮಗಳಲ್ಲಿ ಭಾಗವಹಿಸಿದವರು ಭಾಗವಹಿಸದವರಿಗಿಂತ ನೆಮ್ಮದಿಯಾಗಿರುವುದೇನೂ ಅದರಲ್ಲಿ ಕಾಣಲಿಲ್ಲ. ಸ್ವಲ್ಪ ಭಿನ್ನವಾಗಿ ಕಂಡದ್ದು ಸ್ವಯಂಸೇವೆಯ ಅವಕಾಶ ಪಡೆದವರು. ಆದರೆ ಆ ವ್ಯತ್ಯಾಸ ಚಿಕ್ಕದು. ಮೊದಲೇ ನೆಮ್ಮದಿಯಾಗಿದ್ದವರೇ ಸೇವೆಗೆ ಹೋಗಿರಲೂಬಹುದು. ಇಡೀ ಕಂಪನಿಗೊಂದು ನೀತಿ ರೂಪಿಸುವ ಎಚ್‌ಆರ್ ಮುಖ್ಯಸ್ಥರಿಗೆ ಈ ಅಧ್ಯಯನಗಳು ಉಪಯೋಗಕ್ಕೆ ಬರುತ್ತವೆ. ಒಬ್ಬರ ಐದು ದಿನದ ರಜೆಗೆ ಇವನ್ನು ಸಾಕ್ಷಿಗೆ ಕರೆಯುವುದು ಸರಿಯೆನಿಸುವುದಿಲ್ಲ.

ಹಾಗಾದರೆ ನಿಜವಾದ ಲಾಭ ಯಾವುದು? ನನ್ನ ಪ್ರಕಾರ ಎರಡೇ. ಮೊದಲನೆಯದು, ಆಕೆ ಆ ವಾರ ಅಲ್ಲಿ ಇರುವುದಿಲ್ಲ ಎಂಬುದೇ. ಕೇಳುವುದಕ್ಕೆ ವಿಚಿತ್ರ ಅನ್ನಿಸಬಹುದು, ಆದರೆ ಬ್ಯಾಂಕಿನಲ್ಲಿರುವವರಿಗೆ ಇದು ಹೊಸದಲ್ಲ. ಸೂಕ್ಷ್ಮ ಹುದ್ದೆಗಳಲ್ಲಿರುವ ಬ್ಯಾಂಕ್ ನೌಕರರನ್ನು ವರ್ಷಕ್ಕೊಮ್ಮೆ ಕನಿಷ್ಠ 10 ಕೆಲಸದ ದಿನಗಳ ಕಾಲ ಒಟ್ಟಿಗೆ ಕಡ್ಡಾಯ ರಜೆಯ ಮೇಲೆ ಕಳಿಸಬೇಕೆಂದು ರಿಸರ್ವ್ ಬ್ಯಾಂಕ್ 2021ರಲ್ಲಿ ಹೊರಡಿಸಿದ ಸೂಚನೆ ಹೇಳುತ್ತದೆ. ಮುಂಚಿತವಾಗಿ ತಿಳಿಸುವಂತೆಯೂ ಇಲ್ಲ. ಅಲ್ಲಿ ಉದ್ದೇಶ ಮೋಸ, ಲೋಪಗಳು ಹೊರಬೀಳಲಿ ಎಂಬುದು. ಕಾರ್ಖಾನೆಯಲ್ಲಿ ಆ ಭಯ ಅಷ್ಟಿರಲಿಕ್ಕಿಲ್ಲ, ಬೇರೆಯದೊಂದು ಇದೆ: ಒಬ್ಬರಿಗೇ ಗೊತ್ತಿರುವ ಕೆಲಸ. ಆಕೆಗೆ ನಾಳೆ ಡೆಂಗಿ ಬಂದು ಹತ್ತು ದಿನ ಮಲಗಿದರೆ ಲಾರಿಗಳು ಗೇಟಿನಲ್ಲೇ ನಿಲ್ಲುತ್ತವೆ. ಮುಂಚೆಯೇ ಗೊತ್ತಿರುವ, ಕೆಲಸ ಹಗುರವಿರುವ ಐದು ದಿನದಲ್ಲಿ ಇನ್ನೊಬ್ಬರು ಅದನ್ನು ಮಾಡಿ ನೋಡುವುದು ಕಂಪನಿಗೆ ಸುಲಭ ಬೆಲೆಗೆ ಸಿಗುವ ಪರೀಕ್ಷೆ.

ಇದು ಬಾಯಿಮಾತಾಗಬಾರದು. ಆಕೆ ಬಿಟ್ಟು ಹೋಗುವ ಕೆಲಸದ ಪಟ್ಟಿ ಹೇಗಿರಬೇಕೆಂಬುದಕ್ಕೆ ಇ-ವೇ ಬಿಲ್ ಒಂದನ್ನೇ ತೆಗೆದುಕೊಳ್ಳಿ. 50,000 ರೂಪಾಯಿ ಮೀರಿದ ಮಾಲು ಹೊರರಾಜ್ಯಕ್ಕೆ ಹೊರಡಬೇಕಾದರೆ ಇದು ಬೇಕು. ಅನೇಕ ಕಡೆ ಪೋರ್ಟಲ್‌ನ ಪಾಸ್‌ವರ್ಡ್ ಒಬ್ಬರಿಗೆ ಮಾತ್ರ ಗೊತ್ತು. ರಜೆಗೆ ಹೋಗುವಾಗ ಅದನ್ನು ಚೀಟಿಯಲ್ಲಿ ಬರೆದುಕೊಟ್ಟು ಹೋಗುತ್ತಾರೆ. ಅದು ತಪ್ಪು. ಬಿಲ್ಲು ತಪ್ಪಾದರೆ ಯಾರು ಮಾಡಿದ್ದೆಂದು ಆಮೇಲೆ ಗೊತ್ತಾಗುವುದಿಲ್ಲ. ಪೋರ್ಟಲ್‌ನಲ್ಲೇ ಉಪ-ಬಳಕೆದಾರರನ್ನು ಸೇರಿಸುವ ಸೌಲಭ್ಯವಿದೆ, ಸಹೋದ್ಯೋಗಿಯ ಹೆಸರಿನಲ್ಲಿ ಅದನ್ನು ಸೆಪ್ಟೆಂಬರ್ ಮಧ್ಯದಲ್ಲೇ ಮಾಡಿಸಿ, ಒಂದಷ್ಟು ಬಿಲ್ಲುಗಳನ್ನು ತಮ್ಮ ಎದುರಿಗೇ ಅವರಿಂದ ಮಾಡಿಸಬೇಕು. 200 ಕಿಲೋಮೀಟರಿಗೆ ಒಂದು ದಿನದ ಲೆಕ್ಕದಲ್ಲಿ ಬಿಲ್ಲಿನ ಅವಧಿ ಸಿಗುತ್ತದೆ. ಪುಣೆಗೆ ಸುಮಾರು 840 ಕಿಲೋಮೀಟರ್, ಅಂದರೆ ಐದು ದಿನ. ತಪ್ಪಾದ ಬಿಲ್ಲನ್ನು 24 ಗಂಟೆಯೊಳಗೆ ರದ್ದು ಮಾಡಬಹುದು. ದಾರಿಯಲ್ಲಿ ಲಾರಿ ಕೆಟ್ಟು ಬೇರೆ ಲಾರಿಗೆ ಮಾಲು ಬದಲಾಯಿಸಿದರೆ ಹೊಸ ಬಿಲ್ಲು ಬೇಡ, ಎರಡನೆಯ ಭಾಗದಲ್ಲಿ ವಾಹನದ ನಂಬರ್ ಬದಲಿಸಿದರೆ ಸಾಕು. ಆಕೆಗೆ ಇವೆಲ್ಲ ಕರತಲಾಮಲಕ, ಆದರೆ ಎಲ್ಲೂ ಬರೆದಿಟ್ಟಿಲ್ಲ. ಒಂದೆರಡು ಪುಟದಲ್ಲಿ ಬರೆದಿಟ್ಟರೆ ರಜೆ ಮುಗಿದ ಮೇಲೂ ಅದು ವಿಭಾಗದಲ್ಲಿ ಉಳಿಯುತ್ತದೆ.

ಎರಡನೆಯ ಲಾಭ, ಆಕೆ ಕಲಿತು ತರುವುದು. ‘ತಂಡದಲ್ಲಿ ಕೆಲಸ ಮಾಡುವ ಕೌಶಲ’ ಎಂದರೆ ಯಾರಿಗೂ ಏನೂ ಕಾಣಿಸುವುದಿಲ್ಲ. ಶಿಬಿರದಲ್ಲಿ ಏನು ನಡೆಯುತ್ತದೆಂದು ಹತ್ತಿರದಿಂದ ನೋಡಿದರೆ ಕಲಿಯುವುದು ಏನೆಂದು ತಾನಾಗಿ ತಿಳಿಯುತ್ತದೆ.

ಬೆಳಿಗ್ಗೆ ಶಾಲೆಯ ಜಗಲಿಯ ಮೇಲೆ ಜನ ಬಂದು ಕೂತಿರುತ್ತಾರೆ, ಹೆಚ್ಚಿನವರು ವಯಸ್ಸಾದವರು. ಮೊದಲ ಮೇಜಿನಲ್ಲಿ ಹೆಸರು, ವಯಸ್ಸು, ಊರು, ಸಕ್ಕರೆ ಕಾಯಿಲೆ ಇದೆಯೇ ಎಂದು ಬರೆದುಕೊಂಡು ಟೋಕನ್ ಕೊಡುತ್ತಾರೆ. ಎರಡನೆಯ ಕಡೆ ಆರು ಮೀಟರ್ ದೂರದಲ್ಲಿ ದೃಷ್ಟಿ ಫಲಕ ತೂಗುಹಾಕಿರುತ್ತಾರೆ. ಓದುಬರಹ ತಿಳಿಯದವರಿಗೆ ಬಾಚಣಿಗೆಯಂಥ ಒಂದೇ ಗುರುತನ್ನು ನಾಲ್ಕು ದಿಕ್ಕಿಗೆ ತಿರುಗಿಸಿ ಬರೆದ ಫಲಕ, ಹಲ್ಲುಗಳು ಯಾವ ಕಡೆಗಿವೆಯೆಂದು ಕೈಬೆರಳಲ್ಲಿ ತೋರಿಸಿದರಾಯಿತು. ಒಂದು ಕಣ್ಣು ಮುಚ್ಚಿ ಮತ್ತೊಂದು, ಆಮೇಲೆ ಅದು ಮುಚ್ಚಿ ಇದು. ತರಬೇತಿ ಪಡೆದ ಸ್ವಯಂಸೇವಕರು ಮಾಡುವುದು ಇಲ್ಲಿಯವರೆಗೆ ಮಾತ್ರ. ಮುಂದೆ ನೇತ್ರ ತಜ್ಞರು ನೋಡಿ, ಕನ್ನಡಕ ಸಾಕಾದವರನ್ನು ಒಂದು ಕಡೆ, ಪೊರೆಯ ಶಸ್ತ್ರಚಿಕಿತ್ಸೆಗೆ ಆಸ್ಪತ್ರೆಗೆ ಹೋಗಬೇಕಾದವರನ್ನು ಇನ್ನೊಂದು ಕಡೆ ಕಳಿಸುತ್ತಾರೆ. ಕಣ್ಣಿಗೆ ಪಾಪೆ ಹಿಗ್ಗಿಸುವ ಹನಿ ಹಾಕಿಸಿಕೊಂಡವರಿಗೆ ಕೆಲವು ಗಂಟೆ ಮಂಜುಮಂಜಾಗಿ ಕಾಣುತ್ತದೆ, ಒಬ್ಬರನ್ನೇ ಮನೆಗೆ ಬಿಡುವಂತಿಲ್ಲ.

ಈಗ ಲೆಕ್ಕ ಹಾಕಿ. ನೋಂದಣಿಗೆ ಒಬ್ಬರಿಗೆ ಎರಡು ನಿಮಿಷ, ಎರಡು ಮೇಜು. ಗಂಟೆಗೆ 60 ಜನ ಮುಂದೆ ಹೋಗುತ್ತಾರೆ. ದೃಷ್ಟಿ ಪರೀಕ್ಷೆಗೆ ನಾಲ್ಕು ನಿಮಿಷ, ಅಲ್ಲೂ ಇಬ್ಬರೇ. ಗಂಟೆಗೆ 30 ಜನ. ಅಂದರೆ ಗಂಟೆಗಂಟೆಗೂ 30 ಜನ ಎರಡನೆಯ ಸಾಲಿನಲ್ಲಿ ಉಳಿಯುತ್ತಾರೆ. 11 ಗಂಟೆಯ ಹೊತ್ತಿಗೆ ಬಿಸಿಲಲ್ಲಿ ನಿಂತ ಮುದುಕರು ಬೈಯಲು ಶುರುಮಾಡುತ್ತಾರೆ, ಕೆಲವರು ಎದ್ದು ಹೋಗುತ್ತಾರೆ, ತಜ್ಞರು ಮಾತ್ರ ಒಳಗೆ ಕಾಯುತ್ತ ಕೂತಿರುತ್ತಾರೆ. ನೋಂದಣಿಯ ಒಬ್ಬರನ್ನು ಎಬ್ಬಿಸಿ ದೃಷ್ಟಿ ಪರೀಕ್ಷೆಗೆ ಕಳಿಸಿದರೆ ಮೊದಲನೆಯದು ಗಂಟೆಗೆ 30, ಎರಡನೆಯದು 45. ಉಳಿದಿದ್ದ ಸಾಲು ಗಂಟೆಗೆ 15ರಂತೆ ಕರಗುತ್ತದೆ. ಅಷ್ಟೂ ಕರಗಿದ ಮೇಲೆ ಅವರು ಮತ್ತೆ ಹಳೆಯ ಮೇಜಿಗೆ. ಮೊದಲ ಹಳ್ಳಿಯಲ್ಲಿ ಇದು ಹೊಳೆಯದಿದ್ದರೂ ನಾಲ್ಕನೆಯ ಹಳ್ಳಿಯ ಹೊತ್ತಿಗೆ ಕೈಗೆ ಹತ್ತಿರುತ್ತದೆ.

ಡಿಸ್ಪ್ಯಾಚ್‌ನಲ್ಲೂ ಇರುವುದು ಇದೇ ಸಮಸ್ಯೆ. ಲಾರಿ ಗೇಟಿಗೆ ಬಂದಿದೆ, ಮಾಲು ಸಿದ್ಧವಿದೆ, ಬಿಲ್ಲಾಗಿಲ್ಲ. ಇಲ್ಲವೇ ಬಿಲ್ಲಾಗಿದೆ, ತುಂಬುವವರಿಲ್ಲ. ಲಾರಿ ಒಳಗೆ ಬಂದ ಸಮಯ, ಹೊರಗೆ ಹೋದ ಸಮಯ ಎರಡನ್ನೂ ಸೆಕ್ಯುರಿಟಿಯವರು ಗೇಟ್ ರಿಜಿಸ್ಟರಿನಲ್ಲಿ ಈಗಾಗಲೇ ಬರೆಯುತ್ತಿದ್ದಾರೆ, ಯಾರೂ ಕೂಡಿಸಿ ನೋಡಿಲ್ಲ. ‘ಶಿಬಿರದಿಂದ ಬಂದ ಮೇಲೆ ಒಂದು ತಿಂಗಳು ಆ ರಿಜಿಸ್ಟರ್ ನೋಡಿ, ಲಾರಿಗಳು ಎಲ್ಲಿ, ಎಷ್ಟು ಹೊತ್ತು ಕಾಯುತ್ತಿವೆ ಎಂದು ಬರೆದು ಕೊಡುತ್ತೇನೆ’ ಎಂದು ಆಕೆ ಹೇಳಬಹುದು. ಇದನ್ನು ಮ್ಯಾನೇಜರ್ ಕಣ್ಣಾರೆ ಪರೀಕ್ಷಿಸಬಹುದು. ಲಾಭವೆಂದು ಬರೆಯುವ ಪ್ರತಿ ಮಾತಿಗೂ ಇದೇ ಅಳತೆ ಇಟ್ಟುಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ಮೇಲಿನವರು ತಾವೇ ನೋಡಿ ಹೌದೋ ಅಲ್ಲವೋ ಎನ್ನಲಾಗದ ಲಾಭವನ್ನು ಪತ್ರದಲ್ಲಿ ಬರೆಯುವುದೇ ಬೇಡ.

ಮೊದಲು ಮಾತು, ಆಮೇಲೆ ಪತ್ರ

ಪತ್ರ ಏಕಾಏಕಿ ಮೇಜಿನ ಮೇಲೆ ಬೀಳಬಾರದು. ಆರು ವಾರ ಮುಂಚೆ, ಅಂದರೆ ಆಗಸ್ಟ್ ಮೂರನೆಯ ವಾರ, ಸಂಜೆ ಕೆಲಸ ಇಳಿದ ಹೊತ್ತಿನಲ್ಲಿ ಎರಡು ಮಾತು. ಅದು ಹೀಗೆ ನಡೆಯಬಹುದು.

“ಸರ್, ಅಕ್ಟೋಬರ್ ಮೊದಲನೇ ವಾರ ಐದು ದಿನ ರಜೆ ಬೇಕಿತ್ತು. ಪಾವಗಡದ ಕಡೆ ಕಣ್ಣಿನ ಶಿಬಿರ ಇದೆ, ಅದಕ್ಕೆ.”

“ಐದು ದಿನಾನಾ? ಡಿಸ್ಪ್ಯಾಚ್ ಯಾರಮ್ಮ ನೋಡ್ಕೊಳ್ಳೋದು?”

“ಸ್ಟೋರ್ಸ್‌ನವರಿಗೆ ಹೇಳ್ಕೊಡ್ತೀನಿ ಸರ್. ಸೆಪ್ಟೆಂಬರ್ 15ರಿಂದ ಬಿಲ್ಲು ಅವರ ಕೈಲೇ ಮಾಡಿಸ್ತೀನಿ, ನಾನು ಪಕ್ಕದಲ್ಲಿರ್ತೀನಿ. 30ನೇ ತಾರೀಕಿನ ಲೋಡೆಲ್ಲ ಮುಗಿಸಿಯೇ ಹೋಗೋದು.”

“ಸರಿ, ನಿಮಗೆ ಕೊಟ್ರೆ ಇನ್ನೊಬ್ರು ಬರ್ತಾರಲ್ಲ?”

“ಬರಲಿ ಸರ್, ಒಂದು ವಿಭಾಗದಿಂದ ಒಂದು ಸಲಕ್ಕೆ ಒಬ್ಬರು, ವರ್ಷಕ್ಕೊಂದು ಸಲ ಅಂತ ಇಟ್ಕೊಳ್ಳಿ. ಮೂರು ದಿನ ನನ್ನ ಗಳಿಕೆ ರಜೆಯಲ್ಲೇ ಹೋಗ್ತೀನಿ. ಎರಡು ದಿನ ಮಾತ್ರ ಕಂಪನಿ ಕೊಡಲಿ ಅಂತ ಕೇಳ್ತಿದೀನಿ.”

ಈ ಕೊನೆಯ ಮಾತಿನಲ್ಲಿ ಹುರುಳಿದೆ. ಐದಕ್ಕೆ ಐದೂ ದಿನವನ್ನು ಕಂಪನಿಯ ಲೆಕ್ಕಕ್ಕೆ ಹಾಕಿದರೆ ಮುಂದೆ ಎಲ್ಲರಿಗೂ ಹಾಗೇ ಕೊಡಬೇಕಾದೀತೆಂಬ ಭಯ ಮ್ಯಾನೇಜರಿಗೆ ಬರುತ್ತದೆ. ಪೂರ್ತಿ ಸ್ವಂತ ರಜೆಯಲ್ಲಿ ಹೋದರೆ ಕಂಪನಿ ಅದರಲ್ಲಿ ಭಾಗಿಯೇ ಅಲ್ಲ, ಲಾಭದ ಮಾತಿಗೂ ಜಾಗವಿಲ್ಲ. ಮೂರು ಮತ್ತು ಎರಡರ ಹಂಚಿಕೆಯಲ್ಲಿ ಇಬ್ಬರೂ ಏನನ್ನೋ ಕೊಟ್ಟಿರುತ್ತಾರೆ. ಮಾತು ಒಪ್ಪಿತವಾದ ಮೇಲೆ ಪತ್ರ ಹೀಗಿರಬಹುದು:

“ಮಾನ್ಯರೇ,

ಅಕ್ಟೋಬರ್ 3 ಮತ್ತು 5ರಿಂದ 8ರವರೆಗೆ ಒಟ್ಟು ಐದು ದಿನ ರಜೆ ಕೋರುತ್ತಿದ್ದೇನೆ. ಪಾವಗಡ ತಾಲ್ಲೂಕಿನ ನಾಲ್ಕು ಹಳ್ಳಿಗಳಲ್ಲಿ ನಡೆಯುವ ಕಣ್ಣಿನ ತಪಾಸಣಾ ಶಿಬಿರದಲ್ಲಿ ನೋಂದಣಿ ಮತ್ತು ಸಾಲಿನ ವ್ಯವಸ್ಥೆ ನೋಡಿಕೊಳ್ಳುವ ಕೆಲಸ ನನಗೆ ಒಪ್ಪಿಸಿದ್ದಾರೆ. ಸಂಸ್ಥೆಯ ಪತ್ರ ಲಗತ್ತಿಸಿದೆ.

ಇದರಲ್ಲಿ ಮೂರು ದಿನವನ್ನು ನನ್ನ ಗಳಿಕೆ ರಜೆಯಿಂದ ಕಳೆಯಬಹುದು. ಉಳಿದ ಎರಡು ದಿನವನ್ನು ಸಂಬಳಸಹಿತ ವಿಶೇಷ ರಜೆಯಾಗಿ ಮಂಜೂರು ಮಾಡಬೇಕೆಂದು ವಿನಂತಿ.

ಸೆಪ್ಟೆಂಬರ್ ತಿಂಗಳ ಎಲ್ಲ ಲೋಡುಗಳನ್ನು 30ರೊಳಗೆ ಮುಗಿಸುತ್ತೇನೆ. ನನ್ನ ಕೆಲಸವನ್ನು ಸ್ಟೋರ್ಸ್ ವಿಭಾಗದ ಸಹೋದ್ಯೋಗಿ ನೋಡಿಕೊಳ್ಳಲು ಒಪ್ಪಿದ್ದಾರೆ. ಸೆಪ್ಟೆಂಬರ್ 15ರಿಂದ ಅವರಿಗೆ ಬಿಲ್ಲು, ಚಲನ್, ಇ-ವೇ ಬಿಲ್ ಕೆಲಸ ಕಲಿಸಿ, ಎಲ್ಲ ಹಂತಗಳನ್ನೂ ಬರವಣಿಗೆಯಲ್ಲಿ ಕೊಡುತ್ತೇನೆ. ಈ ಬರಹ ಮುಂದೆಯೂ ವಿಭಾಗದಲ್ಲಿ ಉಳಿಯುತ್ತದೆ. ರಜೆಯ ದಿನಗಳಲ್ಲಿ ಸಂಜೆ 6 ಗಂಟೆಗೆ ನಾನೇ ಒಮ್ಮೆ ಫೋನ್ ಮಾಡುತ್ತೇನೆ.

ಹಿಂದಿರುಗಿದ ಮೇಲೆ ಅಕ್ಟೋಬರ್ ತಿಂಗಳ ಗೇಟ್ ರಿಜಿಸ್ಟರ್ ನೋಡಿ, ಲಾರಿಗಳು ಕಾಯುವ ಸಮಯ ಮತ್ತು ಕಾರಣಗಳ ಬಗ್ಗೆ ನವೆಂಬರ್ 10ರೊಳಗೆ ಟಿಪ್ಪಣಿ ಸಲ್ಲಿಸುತ್ತೇನೆ. ಶಿಬಿರ ಮುಂದೂಡಿದರೆ ಈ ರಜೆ ರದ್ದಾಯಿತೆಂದು ತಿಳಿಯಬಹುದು, ಹೊಸ ತಾರೀಕಿಗೆ ಮತ್ತೆ ಅನುಮತಿ ಕೇಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ”

ಸೇವೆಯ ಮಹತ್ವದ ಬಗ್ಗೆ ಇದರಲ್ಲಿ ಒಂದು ಮಾತೂ ಇಲ್ಲ. ಬೇಕಾಗಿಯೂ ಇಲ್ಲ. ಸಂಸ್ಥೆಯ ಪತ್ರ ಆ ಕೆಲಸ ಮಾಡುತ್ತದೆ. ಆ ಪತ್ರದಲ್ಲಿ ಇರಬೇಕಾದದ್ದು ತಾರೀಕು, ಹಳ್ಳಿಗಳ ಹೆಸರು, ಸ್ವಯಂಸೇವಕರ ಕೆಲಸ, ಊಟ-ವಸತಿ-ಪ್ರಯಾಣ ಯಾರ ಹೊಣೆ, ಯಾರನ್ನು ಸಂಪರ್ಕಿಸಬೇಕು ಎಂಬುದು. ಚಿಕಿತ್ಸೆಯ ಕೆಲಸ ಸ್ವಯಂಸೇವಕರಿಗೆ ಕೊಡುವುದಿಲ್ಲ ಎಂಬ ಸಾಲೂ ಇದ್ದರೆ ಉತ್ತಮ. ಇಷ್ಟನ್ನು ಬರೆದುಕೊಡಲು ಹಿಂದೇಟು ಹಾಕುವ ಸಂಸ್ಥೆಯ ಶಿಬಿರ ಸರಿಯಾಗಿ ನಡೆಯುವುದು ಅನುಮಾನ. ಟ್ರಸ್ಟ್ ಅಥವಾ ಸೊಸೈಟಿಯಾಗಿ ನೋಂದಣಿ ಆಗಿದೆಯೇ ಎಂಬುದನ್ನೂ ಆಗಲೇ ಕೇಳಿಕೊಳ್ಳಬೇಕು.

ಎಡವುವ ಜಾಗಗಳು

ಎರಡು ದಿನವನ್ನು ‘ವಿಶೇಷ ರಜೆ’ ಎಂದೇ ಕೇಳಿದ್ದಕ್ಕೆ ಕಾರಣವಿದೆ. ಅದನ್ನು ‘ಕರ್ತವ್ಯದ ಮೇಲೆ’ ಎಂದು ಬರೆದರೆ, ಪಾವಗಡದ ರಸ್ತೆಯಲ್ಲಿ ಅಪಘಾತವಾದಾಗ ಅದು ಕೆಲಸದ ವೇಳೆಯ ಅಪಘಾತವೇ, ಕಂಪನಿ ಹೊಣೆಯೇ ಎಂಬ ಪ್ರಶ್ನೆ ಏಳುತ್ತದೆ. ಎಚ್‌ಆರ್‌ನವರು ಇದಕ್ಕೇ ಹಿಂಜರಿಯುತ್ತಾರೆ. ರಜೆಯಲ್ಲಿದ್ದರೆ ಈ ಗೊಂದಲವಿಲ್ಲ, ಆದರೆ ಕೆಲಸದ ವೇಳೆಯ ಗಾಯಕ್ಕೆ ಸಿಗುವ ಪರಿಹಾರವೂ ಸಿಗುವುದಿಲ್ಲ. ಆದ್ದರಿಂದ ಸಂಸ್ಥೆ ಸ್ವಯಂಸೇವಕರಿಗೆ ಅಪಘಾತ ವಿಮೆ ಮಾಡಿಸಿದೆಯೇ ಎಂದು ಕೇಳಿ, ಇಲ್ಲವಾದರೆ ತಾನೇ ಒಂದು ಮಾಡಿಸಿಕೊಳ್ಳುವುದು ಒಳ್ಳೆಯದು.

ಫೋನ್ ಇನ್ನೊಂದು ತೊಡಕು. ಸಂಜೆ ಆರಕ್ಕೆ ಒಂದು ಕರೆ ಎಂದು ಪತ್ರದಲ್ಲಿ ಬರೆಯುವುದು ಅದಕ್ಕೇ. ಹಾಗೆ ನಿಗದಿ ಮಾಡದಿದ್ದರೆ ಬೆಳಿಗ್ಗೆಯಿಂದ ಹತ್ತು ಕರೆ ಬರುತ್ತವೆ. ದೃಷ್ಟಿ ಫಲಕದ ಮುಂದೆ ಒಂದು ಕಣ್ಣು ಮುಚ್ಚಿ ನಿಂತ ಅಜ್ಜಿಯನ್ನು ಕಾಯಿಸಿ ಹೊಸೂರಿನ ಲೋಡಿನ ಬಗ್ಗೆ ಮಾತಾಡುವ ಹಾಗಾಗುತ್ತದೆ. ಆಗ ಶಿಬಿರದ ಕೆಲಸವೂ ಕೆಡುತ್ತದೆ, ಆಕೆಯಿಲ್ಲದೆ ವಿಭಾಗ ನಡೆಯುತ್ತದೆಯೇ ಎಂಬ ಪರೀಕ್ಷೆಯೂ ಕೆಡುತ್ತದೆ. ಸಹೋದ್ಯೋಗಿಗೆ ಎಲ್ಲಿ ಕಷ್ಟವಾಯಿತೆಂದು ಆ ಒಂದು ಕರೆಯಲ್ಲಿ ಕೇಳಿ ಬರೆದಿಟ್ಟುಕೊಂಡರೆ, ಬರೆದುಕೊಟ್ಟ ಟಿಪ್ಪಣಿಯಲ್ಲಿ ಏನು ಬಿಟ್ಟುಹೋಗಿತ್ತೆಂಬುದು ತಿಳಿಯುತ್ತದೆ.

ಕೆಲವು ಕಂಪನಿಗಳು ಹೆಸರು, ಲಾಂಛನ ಇರುವ ಅಂಗಿ ಹಾಕಿಕೊಂಡು ಫೋಟೊ ತೆಗೆಸಿಕೊಂಡು ಬಾ ಎನ್ನುತ್ತವೆ. ಪ್ರಚಾರವೂ ಒಂದು ಲಾಭವೇ, ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೂತವರ ಮುಖವನ್ನು ಅವರ ಒಪ್ಪಿಗೆಯಿಲ್ಲದೆ ತೆಗೆದು ಹಂಚುವುದು ಸಲ್ಲದು. ಸ್ವಯಂಸೇವಕರ ಫೋಟೊ ಕೊಡಬಹುದು, ರೋಗಿಗಳದ್ದು ಸಂಸ್ಥೆ ಒಪ್ಪಿದರೆ ಮಾತ್ರ ಎಂದು ಮೊದಲೇ ಹೇಳಿಬಿಡಬೇಕು.

ಇಷ್ಟೆಲ್ಲ ಮಾಡಿಯೂ ಆಗುವುದಿಲ್ಲವೆಂದರೆ? ಏಕೆಂದು ಕೇಳಿ ತಿಳಿದುಕೊಳ್ಳುವುದು ಮೊದಲ ಕೆಲಸ. ಆ ವಾರ ದೊಡ್ಡ ಗಿರಾಕಿಯ ತಪಾಸಣೆ ಇದೆಯೆಂದರೆ ಕಾರಣ ನ್ಯಾಯವಾದದ್ದು, ಸಂಸ್ಥೆಯ ಮುಂದಿನ ಶಿಬಿರದ ತಾರೀಕು ಕೇಳಬೇಕು. ಸ್ಟೋರ್ಸ್‌ನವರ ಮೇಲೆ ನಂಬಿಕೆಯಿಲ್ಲವೆಂದರೆ, ಸೆಪ್ಟೆಂಬರ್‌ನಲ್ಲಿ ಎರಡು ದಿನ ಅವರೇ ಪೂರ್ತಿ ಮಾಡಲಿ, ಆಮೇಲೆ ನಿರ್ಧರಿಸಿ ಎನ್ನಬಹುದು. ಹೊಸ ರೂಢಿ ಬೇಡವೆಂಬುದೇ ಕಾರಣವಾದರೆ ವಿಶೇಷ ರಜೆಯ ಮಾತು ಬಿಟ್ಟು, ಕೇಳುವುದನ್ನೇ ಚಿಕ್ಕದು ಮಾಡಬೇಕು. 2 ಹೇಗೂ ರಜೆ, 4 ಭಾನುವಾರ. 3 ಮತ್ತು 5ಕ್ಕೆ ಎರಡು ದಿನ ಗಳಿಕೆ ರಜೆ ಹಾಕಿದರೆ ತರಬೇತಿ, ಸಿದ್ಧತೆ ಮತ್ತು ಮೊದಲ ಹಳ್ಳಿಯ ಶಿಬಿರ ಮೂರೂ ಸಿಗುತ್ತವೆ. ಸಂಸ್ಥೆಗೆ ಆಗಸ್ಟ್‌ನಲ್ಲೇ ಇದನ್ನು ತಿಳಿಸಿದರೆ ಉಳಿದ ಮೂರು ಹಳ್ಳಿಗಳಿಗೆ ಅವರು ಬೇರೆಯವರನ್ನು ಗೊತ್ತುಮಾಡಿಕೊಳ್ಳುತ್ತಾರೆ. 6ನೇ ತಾರೀಕು ಬೆಳಿಗ್ಗೆ ಆಕೆ ಡಿಸ್ಪ್ಯಾಚ್‌ನಲ್ಲಿರುತ್ತಾರೆ. ಬರೆದ ಟಿಪ್ಪಣಿ, ಕಲಿತ ಸಹೋದ್ಯೋಗಿ, ಗೇಟ್ ರಿಜಿಸ್ಟರಿನ ಲೆಕ್ಕ, ಮೂರನ್ನೂ ಹೇಳಿದಂತೆಯೇ ಮಾಡಿ ಮುಗಿಸಿ, ಮುಂದಿನ ವರ್ಷದ ಅರ್ಜಿಗೆ ಅವನ್ನು ಲಗತ್ತಿಸಬಹುದು.